ರೆಡ್ ಅಲರ್ಟ್ ದಿನ ಬಿಸಿಲು ಬಂದರೆ ಗಣಿತ ತಪ್ಪಿತೇ? ಗ್ರೋನ್‌ವಾಲ್ ಅಸಮತೆ ಕೊಡುವ ಭರವಸೆ ಮತ್ತು ಅದರ ಮಿತಿ

ಮಳೆಗಾಲ ಬಂತೆಂದರೆ ಕಾಸರಗೋಡಿನ ಮನೆಗಳಲ್ಲಿ ರಾತ್ರಿ ಊಟದ ಹೊತ್ತಿಗೆ ಒಂದೇ ಪ್ರಶ್ನೆ: ನಾಳೆ ಶಾಲೆಗೆ ರಜೆ ಇದೆಯೇ? ಹವಾಮಾನ ಇಲಾಖೆ ಜಿಲ್ಲೆಗೆ ರೆಡ್ ಅಲರ್ಟ್ ಕೊಟ್ಟಿದೆ, ಜಿಲ್ಲಾಧಿಕಾರಿ ರಜೆ ಸಾರಿದ್ದಾರೆ ಎಂಬ ಸುದ್ದಿ ಬರುತ್ತದೆ. ಮರುದಿನ ಕುಂಬಳೆಯಲ್ಲಿ ಬಿಸಿಲು. ಇನ್ನೊಂದು ವಾರ ಹಳದಿ ಅಲರ್ಟ್ ಮಾತ್ರ ಇದ್ದ ದಿನ ಬದಿಯಡ್ಕ, ಪೆರ್ಲದ ಕಡೆ ತೋಡುಗಳು ಉಕ್ಕಿ ಹರಿಯುತ್ತವೆ. ಗಡಿಯಲ್ಲಿರುವವರ ಪಾಡು ಇನ್ನೂ ಗೋಜಲು. ಕಾಸರಗೋಡಿಗೆ ಎಚ್ಚರಿಕೆ ಬರುವುದು ತಿರುವನಂತಪುರದ ಕೇಂದ್ರದಿಂದ, ದಕ್ಷಿಣ ಕನ್ನಡಕ್ಕೆ ಬರುವುದು ಬೆಂಗಳೂರಿನ ಕೇಂದ್ರದಿಂದ. ತಲಪಾಡಿಯ ಈಚೆ ಒಂದು ಬಣ್ಣ, ಆಚೆ ಇನ್ನೊಂದು ಬಣ್ಣ ಇರುವ ದಿನಗಳಿವೆ.

ಇದನ್ನು ಕಂಡವರು ಎರಡು ಪಕ್ಷವಾಗುತ್ತಾರೆ. ಗಾಳಿ, ಉಷ್ಣತೆ, ತೇವಾಂಶಗಳ ಚಲನೆಗೆ ಸಮೀಕರಣಗಳಿವೆ, ಸಮೀಕರಣಕ್ಕೆ ಉತ್ತರ ಒಂದೇ ಇರಬೇಕು, ಆದ್ದರಿಂದ ತಪ್ಪು ಯಂತ್ರದ್ದೋ ಅಧಿಕಾರಿಗಳದ್ದೋ ಇರಬೇಕು ಎಂಬುದು ಮೊದಲನೆಯ ಪಕ್ಷ. ಎಲ್ಲೋ ಒಂದು ಚಿಟ್ಟೆ ರೆಕ್ಕೆ ಬಡಿದರೆ ಎಲ್ಲವೂ ಬದಲಾಗುವ ಲೋಕದಲ್ಲಿ ಮುನ್ಸೂಚನೆಯೇ ವ್ಯರ್ಥ ಎಂಬುದು ಎರಡನೆಯದು. ಎರಡೂ ಪಕ್ಷದವರು ಗಣಿತವನ್ನೇ ಸಾಕ್ಷಿಗೆ ಕರೆಯುತ್ತಾರೆ. ಆದರೆ ಗಣಿತ ಈ ವಿಷಯದಲ್ಲಿ ಹೇಳಿರುವ ಮಾತು ಇಬ್ಬರ ಮಾತಿಗಿಂತಲೂ ನಿಖರ. ಆ ಮಾತಿನ ಬೇರು ಗ್ರೋನ್‌ವಾಲ್ ಅಸಮತೆ ಎಂಬ ಒಂದು ಸಣ್ಣ ಫಲಿತಾಂಶದಲ್ಲಿದೆ. ಅದರ ಸಾಧನೆ ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ. ಪಿಯುಸಿಯಲ್ಲಿ ಅವಕಲನ, ಅನುಕಲನ ಓದಿದವರು ಅದನ್ನು ಪೂರ್ತಿಯಾಗಿ ಹಿಂಬಾಲಿಸಬಹುದು.

ಆರಂಭದ ಸ್ಥಿತಿ ಎಂಬ ತೊಡಕು

ಹವಾಮಾನ ಮುನ್ಸೂಚನೆಯನ್ನು ಗಣಿತದ ಪ್ರಶ್ನೆಯಾಗಿ ಸ್ಪಷ್ಟವಾಗಿ ಮುಂದಿಟ್ಟವರು ನಾರ್ವೆಯ ವಿಲ್ಹೆಲ್ಮ್ ಬ್ಯರ್ಕ್ನೆಸ್, 1904ರಲ್ಲಿ. ಅವರ ಪ್ರಕಾರ ಎರಡು ಸಂಗತಿ ತಿಳಿದರೆ ಸಾಕು: ಈ ಕ್ಷಣ ವಾತಾವರಣ ಹೇಗಿದೆ ಎಂಬುದು, ಮತ್ತು ಅದು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋಗುವ ನಿಯಮ. ನಿಯಮ ಅವಕಲ ಸಮೀಕರಣದ ರೂಪದಲ್ಲಿರುತ್ತದೆ. ಸ್ಥಿತಿಯನ್ನು x ಎಂದು ಕರೆದರೆ, ಅದು ಬದಲಾಗುವ ವೇಗವನ್ನು ಸ್ಥಿತಿಯೇ ನಿರ್ಧರಿಸುತ್ತದೆ:

```
x' = f(x),   x(0) = a
```

ಇಲ್ಲಿ a ಎಂಬುದು ಆರಂಭದ ಸ್ಥಿತಿ. ನಮ್ಮ ಬಳಿ ನಿಜವಾದ a ಎಂದೂ ಇರುವುದಿಲ್ಲ. ಮುಂಗಾರು ನಮ್ಮ ಕರಾವಳಿಗೆ ಬರುವುದು ಅರಬ್ಬೀ ಸಮುದ್ರದ ಮೇಲಿಂದ. ನೆಲದ ಮೇಲಿರುವಷ್ಟು ಅಳತೆಯ ಕೇಂದ್ರಗಳು ಸಮುದ್ರದ ಮೇಲಿಲ್ಲ. ಅಲ್ಲಿನ ಗಾಳಿ, ತೇವಾಂಶವನ್ನು ಬಹುಪಾಲು ಉಪಗ್ರಹಗಳ ಮೂಲಕ ಪರೋಕ್ಷವಾಗಿಯೇ ತಿಳಿಯಬೇಕು. ಆದ್ದರಿಂದ ಲೆಕ್ಕ ಶುರುವಾಗುವುದು a ಯಿಂದಲ್ಲ, ಅದಕ್ಕೆ ಹತ್ತಿರವಿರುವ b ಎಂಬ ಇನ್ನೊಂದು ಸ್ಥಿತಿಯಿಂದ. ಆರಂಭದಲ್ಲಿ ಸ್ವಲ್ಪವೇ ಸರಿದು ನಿಂತರೆ ಕೊನೆಯಲ್ಲಿಯೂ ಸ್ವಲ್ಪವೇ ಸರಿದಿರುತ್ತೇವೆಯೇ?

ಹೌದು ಎಂದಾದರೆ ಉತ್ತರವು ಆರಂಭದ ಸ್ಥಿತಿಯನ್ನು ನಿರಂತರವಾಗಿ ಅವಲಂಬಿಸಿದೆ ಎನ್ನುತ್ತಾರೆ. ಫ್ರಾನ್ಸಿನ ಗಣಿತಜ್ಞ ಜಾಕ್ ಹಡಮಾರ್ಡ್ 20ನೇ ಶತಮಾನದ ಆರಂಭದಲ್ಲಿ ಭೌತಶಾಸ್ತ್ರದ ಸಮಸ್ಯೆಗಳ ಬಗ್ಗೆ ಯೋಚಿಸುತ್ತಾ ಇದನ್ನು ಒಂದು ಕಡ್ಡಾಯ ಷರತ್ತಿನಂತೆ ಕಂಡರು. ಉತ್ತರ ಇರಬೇಕು, ಒಂದೇ ಇರಬೇಕು, ಮತ್ತು ದತ್ತಾಂಶ ತುಸು ಅಲುಗಿದರೆ ಉತ್ತರವೂ ತುಸುವೇ ಅಲುಗಬೇಕು. ಮೂರನೆಯದು ಇಲ್ಲದಿದ್ದರೆ ಅಳತೆ ಮಾಡಿ ಲೆಕ್ಕ ಹಾಕುವುದಕ್ಕೆ ಅರ್ಥವೇ ಉಳಿಯುವುದಿಲ್ಲ, ಏಕೆಂದರೆ ತಪ್ಪಿಲ್ಲದ ಅಳತೆ ಎಂಬುದಿಲ್ಲ.

ಅಸಮತೆಯ ಒಳಗೆ

ಈಗ a ಯಿಂದ ಹೊರಟ ನಿಜವಾದ ಪಥವನ್ನು x ಎಂದೂ, b ಯಿಂದ ಹೊರಟ ನಮ್ಮ ಲೆಕ್ಕದ ಪಥವನ್ನು y ಎಂದೂ ಇಟ್ಟುಕೊಳ್ಳೋಣ. t ಎಂಬ ಹೊತ್ತಿನಲ್ಲಿ ಅವುಗಳ ನಡುವಿನ ದೂರ u(t). ಆರಂಭದ ದೂರ δ.

ನಿಯಮದ ಮೇಲೆ ಒಂದು ಷರತ್ತು ಬೇಕು. ಎರಡು ಸ್ಥಿತಿಗಳು ಹತ್ತಿರವಿದ್ದರೆ ಅವು ಬದಲಾಗುವ ವೇಗಗಳೂ ಅದೇ ಪ್ರಮಾಣದಲ್ಲಿ ಹತ್ತಿರವಿರಬೇಕು. ಅಂದರೆ ವೇಗಗಳ ವ್ಯತ್ಯಾಸವು ಸ್ಥಿತಿಗಳ ವ್ಯತ್ಯಾಸದ L ಪಟ್ಟನ್ನು ಮೀರಬಾರದು. L ಒಂದು ನಿಶ್ಚಿತ ಸಂಖ್ಯೆ. ಇದಕ್ಕೆ ಲಿಪ್ಶಿಟ್ಸ್ ಷರತ್ತು ಎಂದು ಹೆಸರು. ಮುಂದಿನ ಕಥೆಯೆಲ್ಲ ಈ L ಎಷ್ಟು ಎಂಬುದರ ಮೇಲೆ ನಿಂತಿದೆ.

ಎರಡೂ ಸಮೀಕರಣಗಳನ್ನು 0 ಯಿಂದ t ವರೆಗೆ ಅನುಕಲಿಸಿ ಕಳೆದರೆ ಸಿಗುವುದು ಇದು:

```
u(t) ≤ δ + L ∫₀ᵗ u(s) ds
```

ಈ ಸಾಲನ್ನು ನಿಧಾನವಾಗಿ ಓದಬೇಕು. ಈ ಹೊತ್ತಿನ ದೂರವು ಆರಂಭದ ದೂರ ಮತ್ತು ಇದುವರೆಗಿನ ದೂರಗಳ ಒಟ್ಟು ಮೊತ್ತದ L ಪಟ್ಟು, ಇವೆರಡನ್ನು ಕೂಡಿಸಿದ್ದಕ್ಕಿಂತ ಹೆಚ್ಚಾಗದು. ತೊಂದರೆ ಏನೆಂದರೆ, ನಾವು ತಿಳಿಯಬೇಕಾದ u ಬಲಗಡೆಯೂ ಕೂತಿದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲದ್ದರಿಂದಲೇ ಅಳೆದಂತಾಯಿತು. ಗ್ರೋನ್‌ವಾಲ್ ಅಸಮತೆಯ ಕೆಲಸ ಈ ಸುತ್ತನ್ನು ಬಿಡಿಸಿ u ವನ್ನು ಬಲಗಡೆಯಿಂದ ಹೊರತೆಗೆಯುವುದು.

ಬಲಗಡೆಯ ಇಡೀ ಮೊತ್ತವನ್ನು U ಎಂದು ಕರೆಯೋಣ. U ವನ್ನು ಅವಕಲಿಸಿದರೆ L·u ಬರುತ್ತದೆ. u ಯಾವಾಗಲೂ U ಗಿಂತ ಹೆಚ್ಚಿಲ್ಲ. ಹಾಗಾಗಿ U ಬೆಳೆಯುವ ವೇಗ L·U ವನ್ನು ಮೀರದು. ಈಗ U ವನ್ನು e⁻ᴸᵗ ಯಿಂದ ಗುಣಿಸಿದರೆ, ಆ ಗುಣಲಬ್ಧ ಕಾಲ ಸರಿದಂತೆ ಹೆಚ್ಚಲಾರದು, ಏಕೆಂದರೆ ಅದರ ಅವಕಲ ಸೊನ್ನೆಯನ್ನು ಮೀರುವುದಿಲ್ಲ. ಆರಂಭದಲ್ಲಿ ಅದರ ಬೆಲೆ δ. ಮುಂದೆಯೂ δ ಗಿಂತ ಹೆಚ್ಚಾಗದು. ಆದ್ದರಿಂದ:

```
u(t) ≤ δ · e^(L t)
```

ಇಷ್ಟೇ. ಸ್ವೀಡನ್ನಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಥಾಮಸ್ ಹಾಕನ್ ಗ್ರೋನ್‌ವಾಲ್ 1919ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದರ ಮೊದಲ ರೂಪವಿದೆ. ಸಮೀಕರಣದೊಳಗಿನ ಒಂದು ನಿಯತಾಂಕ ಬದಲಾದರೆ ಉತ್ತರ ಹೇಗೆ ಬದಲಾಗುತ್ತದೆ ಎಂಬುದು ಅಲ್ಲಿ ಅವರ ವಿಷಯವಾಗಿತ್ತು. ಇಂದು ಹೆಚ್ಚು ಬಳಕೆಯಲ್ಲಿರುವ ಅನುಕಲನ ರೂಪವನ್ನು 1943ರಲ್ಲಿ ರಿಚರ್ಡ್ ಬೆಲ್‌ಮನ್ ಸ್ಥಿರತೆಯ ಪ್ರಶ್ನೆಗಳಿಗೆ ಬಳಸಿದರು. ಅದಕ್ಕೇ ಎಷ್ಟೋ ಕಡೆ ಇಬ್ಬರ ಹೆಸರನ್ನೂ ಜೋಡಿಸಿ ಹೇಳುತ್ತಾರೆ.

ಆ ಒಂದು ಸಾಲಿನಿಂದ ಎರಡು ಫಲ ಸಿಗುತ್ತವೆ. δ ಸೊನ್ನೆಯಾದರೆ u ಕೂಡ ಸೊನ್ನೆ, ಅಂದರೆ ಒಂದೇ ಸ್ಥಿತಿಯಿಂದ ಎರಡು ಬೇರೆ ಭವಿಷ್ಯಗಳು ಹೊರಡಲಾರವು. ಮತ್ತು T ಎಂಬ ಹೊತ್ತಿನವರೆಗೆ ತಪ್ಪು ε ದಾಟಬಾರದು ಎಂದಿದ್ದರೆ ಆರಂಭದ ತಪ್ಪನ್ನು ε·e⁻ᴸᵀ ಗಿಂತ ಕಡಿಮೆ ಇಟ್ಟರೆ ಸಾಕು. ನಿರಂತರ ಅವಲಂಬನೆ ಎಂದರೆ ಇದೇ.

ಚಿಟ್ಟೆಯ ಕಥೆಗೂ ಇದಕ್ಕೂ ಜಗಳವಿಲ್ಲ

ಮೊದಲನೆಯ ಪಕ್ಷದವರು ಇಲ್ಲಿಗೆ ಓದುವುದನ್ನು ನಿಲ್ಲಿಸಿದರೆ ಗೆದ್ದೆವು ಎಂದುಕೊಳ್ಳಬಹುದು. ಆದರೆ ಆ ಭರವಸೆಯಲ್ಲಿ ಮಾತುಗಳು ಬರುವ ಕ್ರಮವನ್ನು ಗಮನಿಸಬೇಕು. ಮೊದಲು ಅವಧಿ T ಯನ್ನು ಗೊತ್ತುಮಾಡಬೇಕು, ಆಮೇಲೆ ಸಹಿಸಬಹುದಾದ ತಪ್ಪು ε ವನ್ನು. ಇವೆರಡೂ ಗೊತ್ತಾದ ಮೇಲೆಯೇ δ ಸಿಗುತ್ತದೆ. T ಬೆಳೆದಂತೆ δ ಕುಗ್ಗುತ್ತಾ ಹೋಗಬೇಕು, ಅದೂ ಘಾತೀಯವಾಗಿ. ಒಂದೇ δ ಎಲ್ಲ ಕಾಲಕ್ಕೂ ಸಾಕು ಎಂದು ಪ್ರಮೇಯ ಎಲ್ಲಿಯೂ ಹೇಳಿಲ್ಲ. ಚಕ್ರಬಡ್ಡಿಯ ಸಾಲದಂತೆ ತಪ್ಪು ತನ್ನ ಮೇಲೆಯೇ ಬೆಳೆಯುತ್ತದೆ. ಅಸಲು ಎಷ್ಟು ಸಣ್ಣದಿದ್ದರೂ ಅವಧಿ ಉದ್ದವಾದರೆ ಬಡ್ಡಿಯೇ ದೊಡ್ಡದಾಗುತ್ತದೆ.

ಇದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನ ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ ಅವರ ಪ್ರಯೋಗ. 1961ರಲ್ಲಿ ಅವರು ಹನ್ನೆರಡು ಸಮೀಕರಣಗಳ ಒಂದು ಸರಳ ಕೃತಕ ವಾತಾವರಣವನ್ನು ಕಂಪ್ಯೂಟರಿನಲ್ಲಿ ಓಡಿಸುತ್ತಿದ್ದರು. ಹಳೆಯ ಲೆಕ್ಕವೊಂದನ್ನು ನಡುವಿನಿಂದ ಮತ್ತೆ ಓಡಿಸಲು, ಮುದ್ರಿತ ಹಾಳೆಯಲ್ಲಿದ್ದ ಅಂಕಿಗಳನ್ನು ಒಳಗೆ ತುಂಬಿದರು. ಯಂತ್ರದ ಒಳಗಿದ್ದದ್ದು 0.506127, ಹಾಳೆಯಲ್ಲಿದ್ದದ್ದು 0.506. ಮೊದಲು ಎರಡೂ ಲೆಕ್ಕಗಳು ಜೊತೆಯಾಗಿ ಸಾಗಿದವು. ಆಮೇಲೆ ವ್ಯತ್ಯಾಸ ಹೆಚ್ಚುಕಡಿಮೆ ನಾಲ್ಕು ದಿನಕ್ಕೊಮ್ಮೆ ಇಮ್ಮಡಿಯಾಗುತ್ತಾ ಹೋಯಿತು. ಕೃತಕ ವಾತಾವರಣದ ಎರಡನೆಯ ತಿಂಗಳಲ್ಲಿ ಎರಡಕ್ಕೂ ಯಾವ ಹೋಲಿಕೆಯೂ ಉಳಿದಿರಲಿಲ್ಲ.

ಈ ಕಥೆಯನ್ನು ಗ್ರೋನ್‌ವಾಲ್ ಸಾಲಿನೊಡನೆ ಇಟ್ಟು ನೋಡಿದರೆ ಅದರ ಬೆರಗು ಲೆಕ್ಕವಾಗಿ ಬದಲಾಗುತ್ತದೆ. ಬಿಟ್ಟುಹೋದದ್ದು 0.000127, ಅಂದರೆ ಇಡೀ ಸಂಖ್ಯೆಯ ಸುಮಾರು ನಾಲ್ಕು ಸಾವಿರದಲ್ಲಿ ಒಂದು ಪಾಲು. ಆ ಪಾಲು ಇಡಿಯಷ್ಟೇ ದೊಡ್ಡದಾಗಲು ಎಷ್ಟು ಸಲ ಇಮ್ಮಡಿಯಾಗಬೇಕು? ಹನ್ನೆರಡು ಸಲ, ಏಕೆಂದರೆ 2¹² ಎಂದರೆ 4096. ಸಲಕ್ಕೆ ನಾಲ್ಕು ದಿನದಂತೆ 48 ದಿನ. ಲೊರೆಂಜ್ ಕಂಡ ಎರಡನೆಯ ತಿಂಗಳು ಅದೇ.

ಅವರು ಆರೂ ಅಂಕಿಗಳನ್ನು ತುಂಬಿದ್ದರೆ ಏನಾಗುತ್ತಿತ್ತು? ಅದೇ ಯಂತ್ರದ ಹಳೆಯ ಲೆಕ್ಕ ಹಾಗೆಯೇ ಮರುಕಳಿಸುತ್ತಿತ್ತು. ಆದರೆ ಅದನ್ನು ಇನ್ನೂ ಹೆಚ್ಚು ಅಂಕಿಗಳಿರುವ ಒಂದು ನಿಜವಾದ ವಾತಾವರಣಕ್ಕೆ ಹೋಲಿಸಿದ್ದರೆ, ಆರಂಭದ ತಪ್ಪು ಹೆಚ್ಚೆಂದರೆ 0.0000005 ಇರುತ್ತಿತ್ತು. ಮೊದಲಿನ ತಪ್ಪಿನ ಸುಮಾರು 250ರಲ್ಲಿ ಒಂದು ಪಾಲು. 250 ಎಂದರೆ ಸುಮಾರು ಎಂಟು ಇಮ್ಮಡಿಗಳು, ಎಂಟು ನಾಲ್ಕಲೆ 32 ದಿನ. ಅಳತೆ 250 ಪಟ್ಟು ನಿಖರವಾದರೆ ಮುನ್ಸೂಚನೆಗೆ ಸಿಗುವ ಹೆಚ್ಚುವರಿ ಆಯುಸ್ಸು 32 ದಿನ ಮಾತ್ರ. ಅದೇ 250 ಪಟ್ಟು ನಿಖರತೆಯನ್ನು ಇನ್ನೊಮ್ಮೆ ಸಾಧಿಸಿದರೆ ಮತ್ತೆ 32 ದಿನ. ಅವಧಿ ಬೆಳೆಯುವುದು ನಿಖರತೆಯ ಲಾಗರಿದಮ್ ಲೆಕ್ಕದಲ್ಲಿ.

ಹೀಗೆ, ಆರಂಭದ ತಪ್ಪು ಕಡಿಮೆಯಾದರೆ ನಿಶ್ಚಿತ ಅವಧಿಯ ಮುನ್ಸೂಚನೆ ಉತ್ತಮವಾಗುತ್ತದೆ ಎಂಬುದೂ ಸತ್ಯ. ಅವಧಿ ಸಾಕಷ್ಟು ಉದ್ದವಾದರೆ ಯಾವ ಸಣ್ಣ ತಪ್ಪೂ ದೊಡ್ಡದಾಗಬಹುದು ಎಂಬುದೂ ಸತ್ಯ. ಒಂದೇ ಸಾಲಿನ ಎರಡು ಬದಿಗಳವು. ನಿಜವಾದ ವಾತಾವರಣದ ದೊಡ್ಡ ವ್ಯವಸ್ಥೆಗಳಲ್ಲಿ, ಉದಾಹರಣೆಗೆ ಸಾವಿರ ಕಿಲೋಮೀಟರ್ ಹರಡಿದ ವಾಯುಭಾರ ಕುಸಿತದಲ್ಲಿ, ತಪ್ಪು ಇಮ್ಮಡಿಯಾಗಲು ಕೆಲವು ದಿನಗಳೇ ಬೇಕಾಗಬಹುದು. ಒಂದೇ ಊರಿನ ಮೇಲೆ ಕಟ್ಟುವ ಗುಡುಗು ಮೋಡದಲ್ಲಿ ಅದು ಗಂಟೆಗಳ ಮಾತು. ನಾಡಿದ್ದು ಕರಾವಳಿಯಲ್ಲಿ ಮಳೆ ಜೋರು ಎಂಬ ಮಾತು ನಿಂತು, ಮುಳ್ಳೇರಿಯದಲ್ಲಿ ನಾಡಿದ್ದು ಮೂರು ಗಂಟೆಗೆ ಮಳೆ ಎಂಬ ಮಾತು ಬೀಳುವುದು ಇದರಿಂದ.

ನಿಯಮವೇ ಸ್ವಲ್ಪ ತಪ್ಪಿದ್ದರೆ

ಇಲ್ಲಿಯವರೆಗೆ ನಿಯಮ f ಸರಿಯಾಗಿದೆ, ಆರಂಭ ಮಾತ್ರ ತಪ್ಪಿದೆ ಎಂದುಕೊಂಡೆವು. ಕಂಪ್ಯೂಟರಿನ ಮಾದರಿಯಲ್ಲಿ ನಿಯಮವೂ ಸ್ವಲ್ಪ ತಪ್ಪಿರುತ್ತದೆ. ಮೋಡದೊಳಗೆ ಹನಿಗಳು ಹೇಗೆ ಕೂಡುತ್ತವೆ, ಪಶ್ಚಿಮ ಘಟ್ಟದ ಏರಿಗೆ ತಾಗಿದ ಗಾಳಿ ಹೇಗೆ ಮೇಲೇಳುತ್ತದೆ ಎಂಬುದನ್ನೆಲ್ಲ ಸರಾಸರಿಗಳ ಮೂಲಕವೇ ಬರೆಯಬೇಕಾಗುತ್ತದೆ. ಆ ತಪ್ಪಿನ ವೇಗ η ವನ್ನು ಮೀರದಿದ್ದರೆ, ಅದೇ ಸಾಧನೆ ಸ್ವಲ್ಪ ಬದಲಾಗಿ ಹೀಗೆ ಕೊಡುತ್ತದೆ:

```
u(t) ≤ δ e^(L t) + (η/L) (e^(L t) − 1)
```

ಈ ಸಾಲು ನನಗೆ ಮೊದಲನೆಯದಕ್ಕಿಂತಲೂ ಮುಖ್ಯವಾಗಿ ಕಾಣುತ್ತದೆ. δ ವನ್ನು ಸೊನ್ನೆ ಮಾಡಿ ನೋಡಿ. ಎರಡನೆಯ ಪದ ಹಾಗೆಯೇ ಉಳಿಯುತ್ತದೆ, ಅದೂ ಘಾತೀಯವಾಗಿಯೇ ಬೆಳೆಯುತ್ತದೆ. ಆರಂಭದ ಸ್ಥಿತಿಯನ್ನು ಒಂದಿಷ್ಟೂ ತಪ್ಪಿಲ್ಲದೆ ಅಳೆದರೂ, ಅಪೂರ್ಣ ಮಾದರಿಯು ಹೆಜ್ಜೆಹೆಜ್ಜೆಗೂ ಹೊಸ ತಪ್ಪನ್ನು ಹುಟ್ಟಿಸಿ ಅದನ್ನು ಹಳೆಯ ತಪ್ಪಿನಂತೆಯೇ ಬೆಳೆಸುತ್ತದೆ. ಉಪಗ್ರಹ ಹೆಚ್ಚಿಸಿದರೆ ಸಾಕು ಎನ್ನುವವರೂ ಕಂಪ್ಯೂಟರ್ ದೊಡ್ಡದು ಮಾಡಿದರೆ ಸಾಕು ಎನ್ನುವವರೂ ಇದರ ಒಂದೊಂದು ಪದವನ್ನು ಮಾತ್ರ ನೋಡುತ್ತಿದ್ದಾರೆ. ಮೊದಲನೆಯವರು δ ಕಡಿಮೆ ಮಾಡುತ್ತಾರೆ, ಎರಡನೆಯವರು η ಕಡಿಮೆ ಮಾಡುತ್ತಾರೆ. ಒಂದನ್ನು ಮಾತ್ರ ಇಳಿಸುತ್ತಾ ಹೋದರೆ ಸ್ವಲ್ಪ ಹೊತ್ತಿನಲ್ಲೇ ಇನ್ನೊಂದು ಪದವೇ ಲೆಕ್ಕವನ್ನು ಆಳುತ್ತದೆ.

ಅದು ಮೇಲ್ಮಿತಿ, ನಡೆದೇ ತೀರುವ ಸಂಗತಿಯಲ್ಲ

ಗ್ರೋನ್‌ವಾಲ್ ಸಾಲನ್ನು ಓದುವಾಗ ಪದವಿ ತರಗತಿಗಳಲ್ಲೂ ಆಗುವ ಒಂದು ತಪ್ಪು ತಿಳಿವಳಿಕೆ ಇದೆ. ತಪ್ಪು e^(Lt) ಯಷ್ಟು ಬೆಳೆಯುತ್ತದೆ ಎಂದು ಓದಿಬಿಡುವುದು. ಅಸಮತೆ ಹೇಳುವುದು ಅದಕ್ಕಿಂತ ಹೆಚ್ಚು ಬೆಳೆಯದು ಎಂದಷ್ಟೇ. ವ್ಯತ್ಯಾಸ ಎಷ್ಟು ದೊಡ್ಡದಿರಬಹುದು ಎಂಬುದಕ್ಕೆ x' = −x ಎಂಬ ಸಮೀಕರಣ ಸಾಕು. ಬಿಸಿನೀರು ಕೋಣೆಯ ಉಷ್ಣತೆಗೆ ತಣಿಯುವುದಕ್ಕೆ ಹೆಚ್ಚುಕಡಿಮೆ ಇದೇ ನಿಯಮ. ಇಲ್ಲಿ L ಬೆಲೆ 1. t = 5 ಆದಾಗ ಗ್ರೋನ್‌ವಾಲ್ ಮೇಲ್ಮಿತಿ ಆರಂಭದ ತಪ್ಪಿನ ಸುಮಾರು 148 ಪಟ್ಟು. ನಿಜವಾದ ತಪ್ಪು ಆರಂಭದ್ದರ 0.0067 ಪಟ್ಟು. ತಪ್ಪು ಕರಗುತ್ತಿದೆ, ಮೇಲ್ಮಿತಿ ಮಾತ್ರ ಏರುತ್ತಿದೆ.

ಕಾರಣ ಸರಳ. ಸಾಧನೆಯ ಮೊದಲ ಹೆಜ್ಜೆಯಲ್ಲೇ ನಾವು ವೇಗಗಳ ವ್ಯತ್ಯಾಸದ ಗಾತ್ರವನ್ನು ಮಾತ್ರ ಇಟ್ಟುಕೊಂಡು ಅದರ ದಿಕ್ಕನ್ನು ಬಿಟ್ಟೆವು. ಎರಡು ಪಥಗಳು ಒಂದರತ್ತ ಒಂದು ಬರುತ್ತಿವೆಯೋ ದೂರ ಸರಿಯುತ್ತಿವೆಯೋ ಎಂಬುದು L ಗೆ ಗೊತ್ತಿಲ್ಲ. ವಾತಾವರಣದಲ್ಲಿ ಎರಡೂ ಇವೆ. ಕೆಲವು ದಿನ ಗಾಳಿಯ ವ್ಯವಸ್ಥೆ ಗಟ್ಟಿಯಾಗಿ ನೆಲೆನಿಂತಿರುತ್ತದೆ, ಆಗ ತಪ್ಪುಗಳು ಬೇಗ ಬೆಳೆಯುವುದಿಲ್ಲ. ಇನ್ನು ಕೆಲವು ದಿನ, ಸಮುದ್ರದಲ್ಲಿ ಹೊಸ ಕುಸಿತವೊಂದು ಉತ್ತರಕ್ಕೆ ತಿರುಗುವುದೋ ಇಲ್ಲವೋ ಎಂಬಂಥ ಹೊತ್ತಿನಲ್ಲಿ, ಅವು ಮೇಲ್ಮಿತಿಯ ಹತ್ತಿರದ ವೇಗದಲ್ಲೇ ಹೆಚ್ಚುತ್ತವೆ.

ಹಾಗಾದರೆ ನಾಳೆಯ ದಿನ ಯಾವ ಬಗೆಯದು ಎಂದು ತಿಳಿಯುವುದು ಹೇಗೆ? ಒಂದೇ ಆರಂಭದಿಂದ ಒಂದೇ ಲೆಕ್ಕ ಹಾಕಿದರೆ ತಿಳಿಯದು. ಅಳತೆಯ ತಪ್ಪಿನಷ್ಟೇ ಒಂದರಿಂದೊಂದು ಸರಿದಿರುವ ಹಲವು ಆರಂಭಗಳಿಂದ ಲೆಕ್ಕ ಹಾಕಬೇಕು. ಯುರೋಪಿನ ಮಧ್ಯಮಾವಧಿ ಮುನ್ಸೂಚನಾ ಕೇಂದ್ರ 1992ರಿಂದ ಈ ಕ್ರಮವನ್ನು ದಿನನಿತ್ಯದ ಕೆಲಸವಾಗಿಸಿಕೊಂಡಿದೆ. ಭಾರತದಲ್ಲಿಯೂ ಇಂಥ ಗುಂಪು ಲೆಕ್ಕಗಳು ನಡೆಯುತ್ತವೆ. ಐವತ್ತು ಪಥಗಳು ಮೂರನೆಯ ದಿನವೂ ಒತ್ತೊತ್ತಾಗಿ ಇದ್ದರೆ ಮುನ್ಸೂಚಕರು ಧೈರ್ಯದಿಂದ ಮಾತನಾಡಬಹುದು. ಐವತ್ತರಲ್ಲಿ ಮೂವತ್ತು ಮಳೆ ಎನ್ನುತ್ತಾ ಇಪ್ಪತ್ತು ಬರಿ ಮೋಡ ಎಂದರೆ ಶೇಕಡಾ 60 ಸಾಧ್ಯತೆ ಎಂಬ ಮಾತು ಹುಟ್ಟುತ್ತದೆ. ಆ ಶೇಕಡಾ ಲೆಕ್ಕ ಮುನ್ಸೂಚಕರು ಜಾರಿಕೊಳ್ಳಲು ಬಳಸುವ ಮಾತಲ್ಲ. ಗ್ರೋನ್‌ವಾಲ್ ಕೊಡುವ ಮೇಲ್ಮಿತಿಯ ಒಳಗೆ ಆ ದಿನ ತಪ್ಪು ನಿಜವಾಗಿ ಎಷ್ಟು ಬೆಳೆಯುತ್ತಿದೆ ಎಂಬುದರ ಅಳತೆ ಅದು.

ಗಡಿಯ ಎರಡು ಬದಿಗಳ ಬಣ್ಣ ಬೇರೆಯಾಗುವುದಕ್ಕೂ ಇಲ್ಲಿ ಒಂದು ಕಾರಣವಿದೆ. 24 ಗಂಟೆಯಲ್ಲಿ 204.4 ಮಿ.ಮೀ. ಮೀರುವ ಮಳೆಯ ನಿರೀಕ್ಷೆಗೆ ಕೆಂಪು, 115.6ರಿಂದ 204.4 ಮಿ.ಮೀ.ವರೆಗೆ ಕಿತ್ತಳೆ. ಪಥಗಳು 180ರಿಂದ 230ರವರೆಗೆ ಹರಡಿದ್ದರೆ ಗೆರೆ ಆ ಹರವಿನ ನಡುವೆಯೇ ಹಾದುಹೋಗುತ್ತದೆ. ಒಂದು ಜಿಲ್ಲೆಗೆ ಕೆಂಪು, ಪಕ್ಕದ ಜಿಲ್ಲೆಗೆ ಕಿತ್ತಳೆ ಎಂದು ಇಬ್ಬರು ಮುನ್ಸೂಚಕರು ನಿರ್ಧರಿಸಿದರೆ ಅದು ಗಣಿತದ ಭಿನ್ನಮತವಾಗಬೇಕಿಲ್ಲ. ಮಳೆಯ ಪ್ರಮಾಣ ನಿರಂತರವಾಗಿ ಬದಲಾಗುತ್ತದೆ, ಬಣ್ಣ ಹಾಗಲ್ಲ. 204ಕ್ಕೂ 205ಕ್ಕೂ ನಡುವೆ ಅದು ಒಮ್ಮೆಗೇ ಜಿಗಿಯುತ್ತದೆ. ನಿರಂತರ ಅವಲಂಬನೆಯ ಭರವಸೆ ಸಮೀಕರಣದ ಉತ್ತರಕ್ಕೆ ಇದೆ, ಆ ಉತ್ತರದ ಮೇಲೆ ನಾವು ಎಳೆದ ಗೆರೆಗೆ ಇಲ್ಲ.

L ಗೆ ಮಿತಿಯೇ ಇಲ್ಲದಿದ್ದರೆ

ಈಗ ಎಲ್ಲಕ್ಕಿಂತ ಆಳವಾದ ತೊಡಕಿಗೆ ಬರೋಣ. ಇದುವರೆಗಿನ ಮಾತೆಲ್ಲ L ಒಂದು ನಿಶ್ಚಿತ ಸಂಖ್ಯೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಆ ನಂಬಿಕೆ ಬಿದ್ದರೆ ಏನಾಗುತ್ತದೆ ಎಂಬುದನ್ನು ಎರಡು ಸಮೀಕರಣಗಳನ್ನು ಹೋಲಿಸಿ ನೋಡಬಹುದು.

ತಪ್ಪು u' = u ಎಂಬಂತೆ ಬೆಳೆದರೆ, ಆರಂಭದ ತಪ್ಪನ್ನು ನೂರನೇ ಒಂದಕ್ಕೆ ಇಳಿಸಿದಾಗ ಯಾವ ಹೊತ್ತಿನಲ್ಲಿ ನೋಡಿದರೂ ತಪ್ಪು ನೂರನೇ ಒಂದಕ್ಕೆ ಇಳಿಯುತ್ತದೆ. ಈಗ u' = √u ಎಂದುಕೊಳ್ಳಿ. ಇದರ ಉತ್ತರ:

```
u(t) = (√δ + t/2)²
```

δ = 0.0001 ಆದರೆ t = 4 ರಲ್ಲಿ u ಬೆಲೆ 4.04. δ ವನ್ನು ನೂರು ಪಟ್ಟು ಕಡಿಮೆ ಮಾಡಿ 0.000001 ಎಂದಿಟ್ಟರೆ u ಬೆಲೆ 4.004. ಅಳತೆ ನೂರು ಪಟ್ಟು ನಿಖರವಾಯಿತು, ಮುನ್ಸೂಚನೆ ಹೆಚ್ಚುಕಡಿಮೆ ಇದ್ದಲ್ಲಿಯೇ ಉಳಿಯಿತು. δ ಸೊನ್ನೆಯ ಕಡೆಗೆ ಹೋದರೂ u ಬೆಲೆ 4ಕ್ಕಿಂತ ಕೆಳಗಿಳಿಯದು. ಇಲ್ಲಿ ನಿರಂತರ ಅವಲಂಬನೆ ಮುರಿದುಬಿದ್ದಿದೆ. ಏಕೆಂದರೆ ಸೊನ್ನೆಯ ಹತ್ತಿರ √u ದ ಇಳಿಜಾರು ಮಿತಿಯಿಲ್ಲದೆ ಕಡಿದಾಗುತ್ತದೆ, ಯಾವ L ಸಾಕಾಗುವುದಿಲ್ಲ. ಲಿಪ್ಶಿಟ್ಸ್ ಷರತ್ತು ಇಲ್ಲದಲ್ಲಿ ಗ್ರೋನ್‌ವಾಲ್‌ಗೆ ಬಾಯಿಲ್ಲ.

ಇದು ತರಗತಿಯ ಕಸರತ್ತು ಮಾತ್ರವೇ? 1969ರಲ್ಲಿ ಲೊರೆಂಜ್ ಬರೆದ ಇನ್ನೊಂದು ಲೇಖನ, ಚಿಟ್ಟೆಯ ಕಥೆಗಿಂತ ಕಡಿಮೆ ಜನ ಬಲ್ಲದ್ದು, ಅಲ್ಲ ಎಂದು ಸೂಚಿಸಿತು. ಗಾಳಿಯಲ್ಲಿ ಎಲ್ಲ ಗಾತ್ರದ ಸುಳಿಗಳಿವೆ. ಸುಳಿ ಸಣ್ಣದಾದಷ್ಟೂ ಬೇಗ ತಿರುಗುತ್ತದೆ, ಅದರೊಳಗಿನ ತಪ್ಪೂ ಅಷ್ಟೇ ಬೇಗ ಬೆಳೆದು ತನಗಿಂತ ದೊಡ್ಡ ಸುಳಿಗೆ ದಾಟುತ್ತದೆ. ಪ್ರಕ್ಷುಬ್ಧ ಹರಿವಿನ ಬಗ್ಗೆ ರಷ್ಯದ ಕಾಲ್ಮೊಗೊರೊವ್ 1941ರಲ್ಲಿ ಕೊಟ್ಟ ನಿಯಮದಂತೆ, ಸುಳಿಯ ಗಾತ್ರ ಅರ್ಧವಾದರೆ ಅದರ ಕಾಲ ಸುಮಾರು 0.63 ಪಟ್ಟಿಗೆ ಇಳಿಯುತ್ತದೆ.

ಲೆಕ್ಕಕ್ಕಾಗಿ, ಅತಿ ದೊಡ್ಡ ಗಾತ್ರವನ್ನು ತಪ್ಪು ಆವರಿಸಲು 5 ದಿನ ಬೇಕು ಎಂದಿಟ್ಟುಕೊಳ್ಳಿ. ಅಳತೆಯ ಜಾಲದ ಕಣ್ಣುಗಳನ್ನು ಅರ್ಧ ಗಾತ್ರಕ್ಕೆ ಇಳಿಸಿದರೆ ಹೆಚ್ಚುವರಿಯಾಗಿ ಸಿಗುವುದು ಸುಮಾರು 3.2 ದಿನ. ಮತ್ತೆ ಅರ್ಧ ಮಾಡಿದರೆ 2 ದಿನ. ಆಮೇಲೆ 1.2 ದಿನ. ಹೀಗೆ ಎಷ್ಟು ಸಲ ಅರ್ಧ ಮಾಡುತ್ತಾ ಹೋದರೂ ಒಟ್ಟು ಮೊತ್ತ 13 ದಿನ ಚಿಲ್ಲರೆಯನ್ನು ದಾಟದು. ಲಾಗರಿದಮ್ ಲೆಕ್ಕದಲ್ಲಿ ಪ್ರತಿ ಹೆಜ್ಜೆಗೂ ಅಷ್ಟಷ್ಟೇ ದಿನ ಸಿಗುತ್ತಿತ್ತು. ಇಲ್ಲಿ ಸಿಗುವ ದಿನಗಳೇ ಕುಗ್ಗುತ್ತಾ ಬರುತ್ತವೆ. ದಿನದಿನದ ಹವಾಮಾನವನ್ನು ಸುಮಾರು ಎರಡು ವಾರಕ್ಕಿಂತ ಮುಂದೆ ಹೇಳಲಾಗದು ಎಂಬ ಪ್ರಚಲಿತ ಅಭಿಪ್ರಾಯದ ಹಿಂದೆ ಈ ಬಗೆಯ ತರ್ಕವಿದೆ.

ಇಲ್ಲಿ ಎಚ್ಚರ ಬೇಕು. ಕಂಪ್ಯೂಟರಿನ ಮಾದರಿ ವಾತಾವರಣವನ್ನು ನಿಗದಿತ ಸಂಖ್ಯೆಯ ಚೌಕಗಳಾಗಿ ಹಂಚಿಕೊಳ್ಳುತ್ತದೆ, ಹಾಗಾಗಿ ಅಲ್ಲಿ L ಗೆ ಒಂದು ಬೆಲೆ ಇದ್ದೇ ಇದೆ, ಗ್ರೋನ್‌ವಾಲ್ ಅಲ್ಲಿ ಪೂರ್ತಿಯಾಗಿ ನಡೆಯುತ್ತದೆ. 2025ರ ಮೇ ತಿಂಗಳಲ್ಲಿ ದೇಶ ಬಳಕೆಗೆ ತಂದ ಹೊಸ ಮುನ್ಸೂಚನಾ ವ್ಯವಸ್ಥೆಯಲ್ಲಿ ಚೌಕದ ಗಾತ್ರ 6 ಕಿ.ಮೀ., ಹಿಂದೆ 12 ಇತ್ತು. ಚೌಕ ಸಣ್ಣದಾದರೆ η ಕಡಿಮೆಯಾಗುತ್ತದೆ, ಘಟ್ಟದ ಏರಿಳಿತ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಅದೇ ಹೊತ್ತಿಗೆ ಬೇಗ ಬೆಳೆಯುವ ಸಣ್ಣ ಸುಳಿಗಳೂ ಲೆಕ್ಕದೊಳಗೆ ಬರುತ್ತವೆ, L ಹೆಚ್ಚುತ್ತದೆ. ಹೊಸ ಮಾದರಿ ಮುಂದಿನ ಎರಡು ಮೂರು ದಿನಗಳ ಚಿತ್ರವನ್ನು ಉತ್ತಮಪಡಿಸುತ್ತದೆ ಎಂದು ನಿರೀಕ್ಷಿಸುವುದು ನ್ಯಾಯ. ಹತ್ತನೆಯ ದಿನದ್ದನ್ನು ಅಷ್ಟೇ ಪ್ರಮಾಣದಲ್ಲಿ ಉತ್ತಮಪಡಿಸುತ್ತದೆ ಎಂದು ನಿರೀಕ್ಷಿಸುವುದಕ್ಕೆ ಆಧಾರವಿಲ್ಲ. ಚೌಕಗಳಿಲ್ಲದ ನಿಜವಾದ ಹರಿವಿನ ಸಮೀಕರಣಗಳ ವಿಷಯದಲ್ಲಿ ಪ್ರಶ್ನೆ ಇನ್ನೂ ತೆರೆದೇ ಇದೆ. ಮೂರು ಆಯಾಮಗಳ ನೇವಿಯರ್-ಸ್ಟೋಕ್ಸ್ ಸಮೀಕರಣಗಳ ಉತ್ತರ ಎಲ್ಲ ಕಾಲಕ್ಕೂ ನುಣುಪಾಗಿ ಉಳಿಯುತ್ತದೆಯೇ ಎಂಬುದು ಕ್ಲೇ ಗಣಿತ ಸಂಸ್ಥೆ 2000ದಲ್ಲಿ ಬಹುಮಾನ ಇಟ್ಟ ಏಳು ಸಮಸ್ಯೆಗಳಲ್ಲಿ ಒಂದು.

ಅಡಿಕೆ ತೋಟದಲ್ಲಿ ಇದರ ಪರಿಣಾಮ

ಕಾಸರಗೋಡಿನ ಅಡಿಕೆ ಬೆಳೆಗಾರರಿಗೆ ಇದು ಹಣದ ಪ್ರಶ್ನೆ. ಕೊಳೆರೋಗ ತಡೆಯಲು ಬೋರ್ಡೋ ಮದ್ದನ್ನು ಮುಂಗಾರು ಶುರುವಾಗುವ ಮೊದಲು ಒಮ್ಮೆ, ಅಲ್ಲಿಂದ 40–45 ದಿನಕ್ಕೆ ಮತ್ತೊಮ್ಮೆ ಬಿಡಬೇಕು. ಎರಡನೆಯ ಸಲ ಬರುವುದು ಮಳೆಗಾಲದ ನಡುವೆ. ಮದ್ದು ಗೊನೆಯ ಮೇಲೆ ಒಣಗಿ ಹಿಡಿದುಕೊಳ್ಳಲು ಮಳೆಯಿಲ್ಲದ ಕೆಲವು ಗಂಟೆಗಳು ಬೇಕು. ಮರ ಹತ್ತುವ ಜನ ಸಿಗುವುದೇ ಕಷ್ಟವಾಗಿರುವಾಗ ಅವರಿಗೆ ಮುಂಚೆಯೇ ದಿನ ಹೇಳಿಡಬೇಕು.

ಹತ್ತು ದಿನ ಮುಂದಿನ ಒಂದು ನಿರ್ದಿಷ್ಟ ದಿನಕ್ಕೆ ಮೊಬೈಲ್ ಆ್ಯಪ್ ತೋರಿಸುವ ಸೂರ್ಯನ ಚಿತ್ರವನ್ನು ನಂಬಿ ಕೆಲಸದವರನ್ನು ಗೊತ್ತುಮಾಡಿದರೆ, e^(Lt) ಬೆಳೆದು ಮುಗಿದ ಜಾಗದಲ್ಲಿ ನಿಂತು ನಿರ್ಧರಿಸಿದಂತಾಗುತ್ತದೆ. ಆ ಹಂತದಲ್ಲಿ ನೋಡಬೇಕಾದದ್ದು ಆ ವಾರ ಒಟ್ಟಾರೆ ಮಳೆ ಹೆಚ್ಚೋ ಕಡಿಮೆಯೋ ಎಂಬ ಸಾಧ್ಯತೆಯನ್ನು ಮಾತ್ರ. ದಿನವನ್ನು ಆರಿಸುವುದು ಎರಡು ಮೂರು ದಿನ ಮೊದಲಿನ ಮುನ್ಸೂಚನೆಯಿಂದ, ಅದೂ ಇಂದು ಮತ್ತು ನಿನ್ನೆ ಕೊಟ್ಟ ಮುನ್ಸೂಚನೆಗಳು ಒಂದಕ್ಕೊಂದು ಹೊಂದುತ್ತಿವೆಯೇ ಎಂದು ನೋಡಿಕೊಂಡು. ನಿನ್ನೆಯ ಲೆಕ್ಕವೂ ಇಂದಿನ ಲೆಕ್ಕವೂ ಒಂದೇ ದಿನದ ಬಗ್ಗೆ ದೂರ ದೂರ ಮಾತನಾಡುತ್ತಿದ್ದರೆ, ಅಲ್ಲಿ ತಪ್ಪು ವೇಗವಾಗಿ ಬೆಳೆಯುತ್ತಿದೆ ಎಂದು ಸಾಮಾನ್ಯ ಓದುಗರೂ ಗುರುತಿಸಬಹುದು. ಕೆಲಸ ಶುರುಮಾಡುವ ಬೆಳಗ್ಗೆ ಉಪಯೋಗಕ್ಕೆ ಬರುವುದು ಹವಾಮಾನ ಇಲಾಖೆ ಮುಂದಿನ ಮೂರು ಗಂಟೆಗಳಿಗೆ ಕೊಡುವ ತತ್‌ಕ್ಷಣದ ಸೂಚನೆ. ಗುಡುಗು ಮೋಡದ L ಎಷ್ಟು ದೊಡ್ಡದಿದ್ದರೂ ಮೂರು ಗಂಟೆಯಲ್ಲಿ ಅದಕ್ಕೆ ಬೆಳೆಯಲು ಸಿಗುವ ಅವಕಾಶ ಕಡಿಮೆ.

ಶಾಲೆಯ ರಜೆಯ ಪ್ರಶ್ನೆ ಇದಕ್ಕಿಂತ ಕಠಿಣ. ರಜೆಯನ್ನು ಹಿಂದಿನ ರಾತ್ರಿಯೇ ಹೇಳಬೇಕು, ಇಡೀ ಜಿಲ್ಲೆಗೆ ಹೇಳಬೇಕು, ಹೌದು ಅಥವಾ ಇಲ್ಲ ಎಂದೇ ಹೇಳಬೇಕು. ಜಿಲ್ಲೆಯ ಯಾವುದೋ ಒಂದು ಮೂಲೆಯಲ್ಲಿ 204 ಮಿ.ಮೀ. ದಾಟುವ ಸಾಧ್ಯತೆ ಗಟ್ಟಿಯಾಗಿದ್ದರೂ, ಆ ಮೂಲೆ ಮಂಜೇಶ್ವರವೋ ಹೊಸದುರ್ಗವೋ ಎಂಬುದು ರಾತ್ರಿ ಎಂಟು ಗಂಟೆಗೆ ತಿಳಿಯುವ ಗಾತ್ರದ ಸಂಗತಿಯಲ್ಲ. ಕುಂಬಳೆಯ ಬಿಸಿಲನ್ನು ನೋಡಿ ಮುನ್ಸೂಚನೆ ಸುಳ್ಳಾಯಿತು ಎನ್ನುವ ಮೊದಲು ಆ ದಿನ ಜಿಲ್ಲೆಯ ಉಳಿದ ಮಳೆಮಾಪನ ಕೇಂದ್ರಗಳು ಏನು ದಾಖಲಿಸಿವೆ ಎಂದು ನೋಡಬೇಕು. ಇಂಥ ಹಲವು ರೆಡ್ ಅಲರ್ಟ್ ದಿನಗಳನ್ನು ಒಟ್ಟಿಗೆ ಇಟ್ಟು, ಎಷ್ಟು ಸಲ ಜಿಲ್ಲೆಯ ಎಲ್ಲಾದರೂ ಅಷ್ಟು ಮಳೆ ಬಂತು, ಅಲರ್ಟ್ ಇಲ್ಲದೆಯೇ ಎಷ್ಟು ಸಲ ಬಂತು ಎಂದು ಎಣಿಸಿ ಜನರ ಮುಂದಿಟ್ಟರೆ, ಇಲಾಖೆಯನ್ನು ದೂರುವವರಿಗೂ ಸಮರ್ಥಿಸುವವರಿಗೂ ವಾದಿಸಲು ಒಂದು ಗಟ್ಟಿ ನೆಲ ಸಿಗುತ್ತದೆ. ಜಿಲ್ಲಾವಾರು ಇಂಥ ಲೆಕ್ಕ, ಕನ್ನಡದಲ್ಲಿ ಮತ್ತು ಮಲಯಾಳದಲ್ಲಿ, ಪ್ರತಿ ಮಳೆಗಾಲದ ಕೊನೆಗೆ ಪ್ರಕಟವಾಗಬೇಕು ಎಂದು ಕೇಳುವುದು ಗಡಿನಾಡಿನ ಓದುಗರ ಹಕ್ಕು.